ಸ್ಟಾರ್ ಲೇಬಲ್ ಫೋಟೋದಿಂದ ಕರೆಂಟ್ ಖರ್ಚಿನ ಲೆಕ್ಕ: 3 ಸ್ಟಾರ್ ಎಸಿ ಸಾಕಾ, 5 ಸ್ಟಾರ್ ಬೇಕಾ?

ಮಾರ್ಚ್ ಬಂತೆಂದರೆ ನನ್ನ ವಾಟ್ಸಾಪ್‌ಗೆ ಎಸಿ ಲೇಬಲ್ಲುಗಳ ಫೋಟೋ ಬರಲು ಶುರುವಾಗುತ್ತದೆ. ನೆಂಟರು, ಗೆಳೆಯರು ಅಂಗಡಿಯಲ್ಲೇ ನಿಂತು ತೆಗೆದು ಕಳಿಸಿರುತ್ತಾರೆ. ಕೆಳಗೆ ಒಂದೇ ಪ್ರಶ್ನೆ: "ಐದು ಸ್ಟಾರ್‌ಗೆ ಎಂಟು ಸಾವಿರ ಜಾಸ್ತಿ ಹೇಳ್ತಿದ್ದಾರೆ, ಕೊಡಬಹುದಾ?" ಫೋಟೋ ಸರಿಯಾಗಿದ್ದರೆ ಐದು ನಿಮಿಷದಲ್ಲಿ ಉತ್ತರ ಹೇಳಬಹುದು. ಆದರೆ ಆ ಉತ್ತರ ಬೆಂಗಳೂರಿಗೆ ಒಂದು, ಕಲಬುರಗಿಗೆ ಇನ್ನೊಂದು. ಗೃಹಜ್ಯೋತಿ ಇರುವ ಮನೆಗೆ ಮತ್ತೊಂದು. ಈ ಲೆಕ್ಕವನ್ನು ನೀವೇ ಹೇಗೆ ಮಾಡಿಕೊಳ್ಳಬಹುದು ಅನ್ನುವುದನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಫೋಟೋದಲ್ಲಿ ಏನಿರಬೇಕು

ಎಸಿ ಮೇಲೆ ಅಂಟಿಸಿರುವ ಬಿಇಇ ಲೇಬಲ್‌ನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಮೇಲಿನ ನಕ್ಷತ್ರಗಳಿಗೆ. ನಮಗೆ ಬೇಕಾದದ್ದು ಅದರ ಕೆಳಗಿರುವ ಸಣ್ಣ ಅಕ್ಷರಗಳು. ಮುಖ್ಯವಾಗಿ ಮೂರು ಅಂಕಿ: ತಂಪು ಮಾಡುವ ಸಾಮರ್ಥ್ಯ ಎಷ್ಟು ವ್ಯಾಟ್, ಐಎಸ್‌ಇಇಆರ್ ಎಷ್ಟು, ವರ್ಷಕ್ಕೆ ಎಷ್ಟು ಯೂನಿಟ್. ಜೊತೆಗೆ ಮಾಡೆಲ್ ನಂಬರ್ ಮತ್ತು ಲೇಬಲ್ ಯಾವ ಅವಧಿಯದ್ದು ಅನ್ನುವುದೂ ಕಾಣಬೇಕು.

ಐಎಸ್‌ಇಇಆರ್ ಅಂದರೆ ಏನು ಅಂತ ಸರಳವಾಗಿ ಹೇಳುತ್ತೇನೆ. ಒಂದು ಯೂನಿಟ್ ಕರೆಂಟ್ ತಿಂದು ಈ ಎಸಿ ಎಷ್ಟು ಯೂನಿಟ್‌ನಷ್ಟು ಶಾಖವನ್ನು ಕೋಣೆಯಿಂದ ಹೊರಗೆ ಹಾಕುತ್ತದೆ ಅನ್ನುವ ಲೆಕ್ಕ ಅದು. ಇಡೀ ಸೀಸನ್ನಿನ ಸರಾಸರಿ. 3.9 ಇದ್ದರೆ ಒಂದು ಯೂನಿಟ್‌ಗೆ 3.9 ಯೂನಿಟ್ ಶಾಖ ಹೊರಗೆ. 5.2 ಇದ್ದರೆ ಅದೇ ಒಂದು ಯೂನಿಟ್‌ಗೆ 5.2. ಈ ಅಂಕಿ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಫೋಟೋ ತೆಗೆಯುವಾಗ ಅಂಗಡಿಯ ಲೈಟು ಲೇಬಲ್ ಮೇಲೆ ಬಿದ್ದು ಹೊಳೆಯುತ್ತದೆ, ಒಂದು ಅಂಕಿ ಅಳಿಸಿಹೋದ ಹಾಗೆ ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಇನ್ನೂ ಕೆಡುತ್ತದೆ. ಸ್ವಲ್ಪ ಪಕ್ಕಕ್ಕೆ ಸರಿದು, ಫ್ಲ್ಯಾಶ್ ಇಲ್ಲದೆ ಎರಡು ಫೋಟೋ ತೆಗೆಯಿರಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿ ಸಣ್ಣ ಅಕ್ಷರ ಮಸುಕಾಗುತ್ತದೆ. ಬೆಲೆಯ ಚೀಟಿಯದ್ದೂ ಒಂದು ಫೋಟೋ ಅದರ ಬೆನ್ನಿಗೇ ಇರಲಿ. ಇಲ್ಲವಾದರೆ ನಾಲ್ಕು ಅಂಗಡಿ ತಿರುಗಿ ಬರುವಷ್ಟರಲ್ಲಿ ಯಾವ ಲೇಬಲ್‌ಗೆ ಯಾವ ಬೆಲೆ ಅನ್ನುವುದೇ ಮರೆತಿರುತ್ತದೆ.

ಮೂರರಲ್ಲಿ ಒಂದು ಅಂಕಿ ಕಾಣದಿದ್ದರೂ ಚಿಂತೆ ಇಲ್ಲ. ಈ ಮೂರಕ್ಕೂ ಒಂದು ನಂಟು ಇದೆ. ಎಲ್ಲ ಕಂಪನಿಗಳೂ ವರ್ಷದ ಯೂನಿಟ್ಟನ್ನು ಒಂದೇ ನಿಯಮದ ಪ್ರಕಾರ ಲೆಕ್ಕ ಹಾಕಬೇಕು. ಹಾಗಾಗಿ ಸ್ಪ್ಲಿಟ್ ಎಸಿಗಳಿಗೆ ಈ ಸೂತ್ರ ಹೆಚ್ಚುಕಮ್ಮಿ ಹೊಂದುತ್ತದೆ:

```
ವರ್ಷದ ಯೂನಿಟ್ ≈ ಸಾಮರ್ಥ್ಯ (ಕಿಲೋವ್ಯಾಟ್) × 775 ÷ ಐಎಸ್‌ಇಇಆರ್
```

ಉದಾಹರಣೆಗೆ ಸಾಮರ್ಥ್ಯ 5000 ವ್ಯಾಟ್, ಐಎಸ್‌ಇಇಆರ್ 5.2 ಅಂತಿದೆ, ಯೂನಿಟ್ 745 ಇರಬಹುದು ಅಥವಾ 945 ಇರಬಹುದು, ಸರಿಯಾಗಿ ಕಾಣುತ್ತಿಲ್ಲ. 5 × 775 ÷ 5.2 ಮಾಡಿದರೆ 745 ಬರುತ್ತದೆ. ಅಲ್ಲಿಗೆ ಅನುಮಾನ ಪರಿಹಾರ. ಲೆಕ್ಕಕ್ಕೂ ಲೇಬಲ್‌ಗೂ ತುಂಬಾ ವ್ಯತ್ಯಾಸ ಬಂದರೆ ನೀವು ಯಾವುದೋ ಅಂಕಿ ತಪ್ಪು ಓದಿದ್ದೀರಿ, ಅಥವಾ ಎರಡು ಬೇರೆ ಎಸಿಗಳ ಫೋಟೋ ಬೆರೆತಿದೆ ಅಂತ ಅರ್ಥ. ಮೊಬೈಲ್‌ನಲ್ಲಿ BEE Star Label ಆ್ಯಪ್ ಹಾಕಿಕೊಂಡು ಮಾಡೆಲ್ ನಂಬರ್ ಹುಡುಕಿಯೂ ಖಚಿತ ಮಾಡಿಕೊಳ್ಳಬಹುದು. ಮಾಡೆಲ್ ನಂಬರ್‌ನ ಕೊನೆಯ ಒಂದೆರಡು ಅಕ್ಷರವನ್ನೂ ಬಿಡದೆ ಓದಿ. ಕಂಪನಿಯೊಂದರ ಎರಡು ವರ್ಷದ ಮಾಡೆಲ್‌ಗಳ ನಡುವೆ ಹಲವು ಸಲ ವ್ಯತ್ಯಾಸ ಇರುವುದು ಅಲ್ಲಿ ಮಾತ್ರ.

ನಕ್ಷತ್ರ ಎಣಿಸಿ ಹೋಲಿಸಬೇಡಿ

ಎಷ್ಟು ಐಎಸ್‌ಇಇಆರ್‌ಗೆ ಎಷ್ಟು ನಕ್ಷತ್ರ ಅನ್ನುವ ಗೆರೆಗಳು ಸ್ಥಿರವಲ್ಲ, ಕೆಲವು ವರ್ಷಕ್ಕೊಮ್ಮೆ ಮೇಲೆ ಹೋಗುತ್ತವೆ. 2022ರ ಜೂನ್‌ವರೆಗೆ ಐಎಸ್‌ಇಇಆರ್ 4.5 ಇದ್ದರೆ ಸ್ಪ್ಲಿಟ್ ಎಸಿಗೆ 5 ಸ್ಟಾರ್ ಸಿಗುತ್ತಿತ್ತು. ಆ ಜುಲೈನಿಂದ 5 ಸ್ಟಾರ್‌ಗೆ 5.0 ಬೇಕಾಯಿತು, 3.8ರಿಂದ 4.39ರವರೆಗಿನವು 3 ಸ್ಟಾರ್ ಆದವು. 2026ರ ಜನವರಿಯಿಂದ ನಿಯಮ ಮತ್ತೆ ಬಿಗಿಯಾಗಿದೆ. ಹಾಗಾಗಿ ಹಳೆ ಸ್ಟಾಕ್ ಇರುವ ಅಂಗಡಿಯಲ್ಲಿ, ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ, ಆನ್‌ಲೈನ್‌ನಲ್ಲಿ ಹಳೆಯ ಚಿತ್ರ ಹಾಕಿರುವ ಕಡೆ ನಕ್ಷತ್ರ ನಂಬಿದರೆ ಮೋಸ ಹೋಗುತ್ತೀರಿ. ಹಳೆಯ 5 ಸ್ಟಾರ್‌ಗಿಂತ ಹೊಸ 4 ಸ್ಟಾರ್ ಕಡಿಮೆ ಕರೆಂಟ್ ತಿನ್ನಬಹುದು. ಐಎಸ್‌ಇಇಆರ್ ಅಂಕಿಯನ್ನು ನೋಡಿದರೆ ಈ ಗೊಂದಲವೇ ಇಲ್ಲ.

ಹಾಗಾದರೆ ವರ್ಷದ ಯೂನಿಟ್ಟನ್ನೇ ನೇರವಾಗಿ ಹೋಲಿಸಿದರೆ ಆಗಲ್ವಾ? ಅಲ್ಲೂ ಒಂದು ಸಿಕ್ಕು ಇದೆ. ಅಂಗಡಿಯಲ್ಲಿ "ಒಂದೂವರೆ ಟನ್" ಅನ್ನುವ ಎಸಿಗಳೆಲ್ಲ ಒಂದೇ ಸಾಮರ್ಥ್ಯದವಲ್ಲ. ನಿಜವಾದ ಒಂದೂವರೆ ಟನ್ ಅಂದರೆ ಸುಮಾರು 5275 ವ್ಯಾಟ್. ಆದರೆ 4700, 4800 ವ್ಯಾಟ್‌ನವಕ್ಕೂ ಅದೇ ಹೆಸರು. ಲೇಬಲ್‌ನ ಯೂನಿಟ್ ಲೆಕ್ಕ ಹಾಕುವಾಗ ಚಿಕ್ಕ ಎಸಿಗೆ ಚಿಕ್ಕ ಕೋಣೆ, ದೊಡ್ಡ ಎಸಿಗೆ ದೊಡ್ಡ ಕೋಣೆ ಅಂತ ಅಂದುಕೊಂಡಿರುತ್ತಾರೆ. ನಿಮ್ಮ ಮನೆಯಲ್ಲಿ ಕೋಣೆ ಒಂದೇ. ಯಾವ ಎಸಿ ಹಾಕಿದರೂ ಹೊರಗೆ ಹಾಕಬೇಕಾದ ಶಾಖ ಅಷ್ಟೇ. ಆದ್ದರಿಂದ ಒಂದೇ ಕೋಣೆಗೆ ಎರಡು ಎಸಿ ಹೋಲಿಸುವಾಗ ನೋಡಬೇಕಾದದ್ದು ಐಎಸ್‌ಇಇಆರ್‌ಗಳ ಅನುಪಾತ. ಇದನ್ನು ಅಂಗಡಿಯವರು ಯಾರೂ ಹೇಳುವುದಿಲ್ಲ.

ಎರಡು ಫೋಟೋ ಇಟ್ಟುಕೊಂಡು ನೋಡೋಣ. ಎರಡೂ 2022ರ ಜುಲೈ ನಿಯಮದ ಲೇಬಲ್‌ನವು. ಮೊದಲನೆಯದು 3 ಸ್ಟಾರ್, 4800 ವ್ಯಾಟ್, ಐಎಸ್‌ಇಇಆರ್ 3.9, ವರ್ಷಕ್ಕೆ 954 ಯೂನಿಟ್, ಬೆಲೆ 36,000 ರೂಪಾಯಿ. ಎರಡನೆಯದು 5 ಸ್ಟಾರ್, 5000 ವ್ಯಾಟ್, ಐಎಸ್‌ಇಇಆರ್ 5.2, ವರ್ಷಕ್ಕೆ 745 ಯೂನಿಟ್, ಬೆಲೆ 44,500. ಲೇಬಲ್‌ಗಳನ್ನೇ ಕಳೆದರೆ ವ್ಯತ್ಯಾಸ 209 ಯೂನಿಟ್. ಆದರೆ ಒಂದೇ ಕೋಣೆಯಲ್ಲಿ ಎರಡನೆಯದು ತಿನ್ನುವುದು ಮೊದಲನೆಯದರ 3.9 ÷ 5.2, ಅಂದರೆ ಮುಕ್ಕಾಲು ಭಾಗ. 954ರ ಮುಕ್ಕಾಲು 715. ನಿಜವಾದ ವ್ಯತ್ಯಾಸ 239 ಯೂನಿಟ್. ಇದಕ್ಕಾಗಿ ಈಗಲೇ ಕೊಡಬೇಕಾದ ಜಾಸ್ತಿ ಹಣ 8,500 ರೂಪಾಯಿ.

1600 ಗಂಟೆ ಯಾರ ಮನೆಯದ್ದು?

ಲೇಬಲ್‌ನ "ವರ್ಷ" ಅಂದರೆ 1600 ಗಂಟೆ. ಇಡೀ ದೇಶಕ್ಕೆ ಒಂದೇ ಲೆಕ್ಕ. ಹೊರಗಿನ ಸೆಖೆ 24 ಡಿಗ್ರಿಯಿಂದ 43 ಡಿಗ್ರಿವರೆಗೆ ಎಷ್ಟೆಷ್ಟು ಗಂಟೆ ಇರುತ್ತದೆ ಅಂತ ಒಂದು ಪಟ್ಟಿ ಮಾಡಿ, ಅದರ ಮೇಲೆ ಎಸಿಯನ್ನು ಅಳೆದಿರುತ್ತಾರೆ. ಆ ಪಟ್ಟಿಯಲ್ಲಿ ಹೆಚ್ಚಿನ ಗಂಟೆಗಳು 30 ಡಿಗ್ರಿಗಿಂತ ಕೆಳಗೇ ಇವೆ. ಸರಾಸರಿ ತೆಗೆದರೆ ಎಸಿ ತನ್ನ ಅರ್ಧ ಶಕ್ತಿಯಲ್ಲಿ ಓಡಿದ ಹಾಗೆ. ನಿಮ್ಮ ಗಂಟೆ ಇದಕ್ಕಿಂತ ಕಡಿಮೆಯಾದರೆ ಉಳಿತಾಯವೂ ಅಷ್ಟೇ ಕಡಿಮೆ.

ಬೆಲೆಗೆ ಯೂನಿಟ್ ಒಂದಕ್ಕೆ 7 ರೂಪಾಯಿ ಇಟ್ಟುಕೊಳ್ಳೋಣ. ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಮನೆಗಳಿಗೆ ಸ್ಲ್ಯಾಬ್ ಇಲ್ಲ, ಮೊದಲ ಯೂನಿಟ್‌ಗೂ ಕೊನೆಯ ಯೂನಿಟ್‌ಗೂ ಒಂದೇ ದರ. ಅದರ ಮೇಲೆ ಇಂಧನ ಹೊಂದಾಣಿಕೆ ಶುಲ್ಕ, ಬೇರೆ ಸೇರ್ಪಡೆಗಳು, 9% ತೆರಿಗೆ ಸೇರುತ್ತವೆ. ನಿಮ್ಮ ಬಿಲ್ ತೆಗೆದು ನೀವೇ ಲೆಕ್ಕ ಹಾಕಿದರೆ ಇನ್ನೂ ಒಳ್ಳೆಯದು. ಒಂದು ಎಚ್ಚರಿಕೆ: ಒಟ್ಟು ಬಿಲ್ಲನ್ನು ಯೂನಿಟ್‌ನಿಂದ ಭಾಗಿಸಬೇಡಿ. ಅದರಲ್ಲಿ ನಿಗದಿತ ಶುಲ್ಕ ಸೇರಿರುತ್ತದೆ. ಯಾವ ಎಸಿ ತಗೊಂಡರೂ ಆ ಶುಲ್ಕ ಬದಲಾಗುವುದಿಲ್ಲ. ಅದನ್ನು ಬಿಟ್ಟು ಯೂನಿಟ್‌ಗೆ ತಗುಲುವ ಹಣವನ್ನು ಮಾತ್ರ ಹಿಡಿಯಿರಿ. ಮುಂಬೈಯಲ್ಲೋ ಚೆನ್ನೈಯಲ್ಲೋ ಇರುವವರಿಗೆ ಸ್ಲ್ಯಾಬ್ ಇದೆ. ಅವರು ತಮ್ಮ ಬಿಲ್‌ನ ಅತಿ ಮೇಲಿನ ಸ್ಲ್ಯಾಬ್ ದರ ಹಿಡಿಯಬೇಕು, ಯಾಕೆಂದರೆ ಎಸಿ ಉಳಿಸುವುದು ಆ ತುದಿಯ ಯೂನಿಟ್‌ಗಳನ್ನು.

ಈಗ ಬೆಂಗಳೂರಿನ ಒಂದು ಬೆಡ್‌ರೂಮ್. ಬೇಸಿಗೆಯಲ್ಲಿ 75 ರಾತ್ರಿ, ದಿನಕ್ಕೆ 6 ಗಂಟೆ. ಒಟ್ಟು 450 ಗಂಟೆ, ಅಂದರೆ 1600ರಲ್ಲಿ 28%. ವ್ಯತ್ಯಾಸದ 239 ಯೂನಿಟ್‌ನಲ್ಲಿ 28% ಅಂದರೆ 67 ಯೂನಿಟ್. ವರ್ಷಕ್ಕೆ ಉಳಿಯುವುದು ಸುಮಾರು 470 ರೂಪಾಯಿ. ಜಾಸ್ತಿ ಕೊಟ್ಟ 8,500 ವಾಪಸ್ ಬರಲು 18 ವರ್ಷ ಬೇಕು. ಅಷ್ಟು ವರ್ಷ ಎಸಿಯೇ ಬಾಳುವುದು ಕಷ್ಟ. ಬೆಂಗಳೂರಿನ ರಾತ್ರಿ 22-24 ಡಿಗ್ರಿಗೆ ಇಳಿಯುವುದರಿಂದ ನಿಜವಾದ ಉಳಿತಾಯ ಇದಕ್ಕಿಂತಲೂ ಕಡಿಮೆ ಇರಬಹುದು. ಇಂಥ ಮನೆಗೆ 3 ಸ್ಟಾರ್ ಸಾಕು ಅಂತ ನಾನು ಧಾರಾಳವಾಗಿ ಹೇಳುತ್ತೇನೆ.

ಅದೇ ಎರಡು ಎಸಿಯನ್ನು ಕಲಬುರಗಿಗೆ ತಗೊಂಡು ಹೋಗಿ. ಮಾರ್ಚ್‌ನಿಂದ ಜೂನ್‌ವರೆಗೆ 110 ದಿನ, ಮಧ್ಯಾಹ್ನ ಮತ್ತು ರಾತ್ರಿ ಸೇರಿ 11 ಗಂಟೆ. ಒಟ್ಟು ಸುಮಾರು 1200 ಗಂಟೆ, ಲೇಬಲ್‌ನ ಮುಕ್ಕಾಲು. ಉಳಿತಾಯ 179 ಯೂನಿಟ್, 1,250 ರೂಪಾಯಿ. 8,500 ವಾಪಸ್ ಬರಲು ಏಳು ವರ್ಷಕ್ಕೆ ಹತ್ತಿರ. ಆದರೆ ಅಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಎಸಿ ಅರ್ಧ ಶಕ್ತಿಯಲ್ಲಿ ಓಡುವ ಮಾತೇ ಇಲ್ಲ, ಪೂರ್ತಿ ದುಡಿಯುತ್ತದೆ. ಗಂಟೆಗೆ ತಿನ್ನುವ ಕರೆಂಟ್ ಲೇಬಲ್ ಸರಾಸರಿಗಿಂತ ಜಾಸ್ತಿ, ಹಾಗಾಗಿ ಎರಡರ ನಡುವಿನ ಅಂತರವೂ ಜಾಸ್ತಿ. ಮೂರನೇ ಒಂದು ಭಾಗ ಜಾಸ್ತಿ ಅಂತ ಹಿಡಿದರೂ ಐದು ವರ್ಷಕ್ಕೆ ಹಣ ಹುಟ್ಟುತ್ತದೆ. ಅಲ್ಲಿ 5 ಸ್ಟಾರ್ ತಗೊಳ್ಳಿ. ಸಾಮರ್ಥ್ಯ ಕಡಿಮೆ ಇರುವ "ಒಂದೂವರೆ ಟನ್" ಅಲ್ಲಿಗೆ ಬೇಡ.

ಮಂಗಳೂರು, ಉಡುಪಿ ಕಡೆ ಬಿಸಿಲು ಅಷ್ಟು ಏರುವುದಿಲ್ಲ, ಆದರೆ ಸೆಖೆಯ ತಿಂಗಳು ಜಾಸ್ತಿ. ವರ್ಷದಲ್ಲಿ 200 ರಾತ್ರಿ ಎಂಟು ಗಂಟೆ ಹಾಕುವವರಿದ್ದಾರೆ. ಅದೇ 1600 ಗಂಟೆ. ಲೇಬಲ್‌ನ ಅಂಕಿಯನ್ನು ಇದ್ದ ಹಾಗೇ ತಗೊಳ್ಳಬಹುದು: 239 × 7, ಸುಮಾರು 1,670 ರೂಪಾಯಿ. ಅಲ್ಲೂ ಐದು ವರ್ಷದಲ್ಲಿ ಲೆಕ್ಕ ಚುಕ್ತಾ. ಕರಾವಳಿಯ ಗಾಳಿಯಲ್ಲಿರುವ ತೇವ ತೆಗೆಯಲೂ ಎಸಿ ದುಡಿಯಬೇಕು. ಲೇಬಲ್‌ನ ಲೆಕ್ಕ ಹೊರಗಿನ ಡಿಗ್ರಿಯನ್ನು ಹಿಡಿದು ಸಾಗುತ್ತದೆ, ನಿಮ್ಮ ಊರಿನ ತೇವ ಅದಕ್ಕೆ ಗೊತ್ತಿಲ್ಲ.

ಗೃಹಜ್ಯೋತಿ ಇದ್ದರೆ ಲೆಕ್ಕವೇ ಬೇರೆ

ಬೆಂಗಳೂರಿಗೆ 3 ಸ್ಟಾರ್ ಸಾಕು ಅಂದೆ. ಆದರೆ ಗೃಹಜ್ಯೋತಿ ಇರುವ ಮನೆಯಲ್ಲಿ ಈ ಮಾತು ತಲೆಕೆಳಗಾಗಬಹುದು. ನಿಯಮ ನಿಮಗೆ ಗೊತ್ತಿರುತ್ತದೆ: 2022-23ರ ನಿಮ್ಮ ತಿಂಗಳ ಸರಾಸರಿ, ಅದರ ಮೇಲೆ 10%, ಅಷ್ಟು ಯೂನಿಟ್ ಉಚಿತ. ಅದನ್ನು ದಾಟಿ 200ರ ಒಳಗಿದ್ದರೆ ದಾಟಿದ ಯೂನಿಟ್‌ಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದು.

ಒಂದು ಮನೆ ತಗೊಳ್ಳೋಣ. 2022-23ರ ಸರಾಸರಿ 120 ಯೂನಿಟ್, ಹಾಗಾಗಿ 132ರವರೆಗೆ ಉಚಿತ. ಈಗ ತಿಂಗಳಿಗೆ 110 ಬಳಸುತ್ತಾರೆ, ಬಿಲ್ ಸೊನ್ನೆ. ಏಪ್ರಿಲ್‌ನಲ್ಲಿ ಹೊಸ ಎಸಿ ದಿನಕ್ಕೆ 6 ಗಂಟೆ, ತಿಂಗಳಿಗೆ 180 ಗಂಟೆ. 1600ಕ್ಕೆ ಹೋಲಿಸಿದರೆ ಒಂಬತ್ತನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ. 3 ಸ್ಟಾರ್ ಎಸಿ 107 ಯೂನಿಟ್ ತಿನ್ನುತ್ತದೆ. 5 ಸ್ಟಾರ್ 80 ಯೂನಿಟ್.

3 ಸ್ಟಾರ್ ಇದ್ದರೆ ತಿಂಗಳ ಒಟ್ಟು 217. ಮಿತಿ ದಾಟಿತು. 217 × 7, ಅಂದರೆ 1,519 ರೂಪಾಯಿ, ಮೇಲೆ ನಿಗದಿತ ಶುಲ್ಕ. 5 ಸ್ಟಾರ್ ಇದ್ದರೆ ಒಟ್ಟು 190. ಉಚಿತದ 132 ಕಳೆದು 58 ಯೂನಿಟ್‌ಗೆ ಹಣ, 406 ರೂಪಾಯಿ. ಎರಡು ಎಸಿಗಳ ನಡುವೆ ಇರುವುದು 27 ಯೂನಿಟ್ ಅಷ್ಟೇ. ಬಿಲ್‌ನಲ್ಲಿ ಮಾತ್ರ ಒಂದೇ ತಿಂಗಳಿಗೆ 1,100 ರೂಪಾಯಿಗೂ ಜಾಸ್ತಿ ಅಂತರ. ಏಪ್ರಿಲ್, ಮೇ ಎರಡು ತಿಂಗಳೂ ಹೀಗಾದರೆ ವರ್ಷಕ್ಕೆ 2,200. ಹದಿನೆಂಟು ವರ್ಷ ಅಂದಿದ್ದ ಲೆಕ್ಕ ನಾಲ್ಕು ವರ್ಷಕ್ಕೆ ಇಳಿಯಿತು.

ಇದು ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಎಸಿ ಇಲ್ಲದೆಯೇ 150 ಬಳಸುವ ಮನೆಯಲ್ಲಿ ಎರಡೂ ಎಸಿ 200 ದಾಟಿಸುತ್ತವೆ, ಆಗ ಉಳಿಯುವುದು ಆ 27 ಯೂನಿಟ್‌ನ ಹಣ ಮಾತ್ರ. ಮೇಲಿನ ಮನೆಯವರೇ ದಿನಕ್ಕೆ ಎಂಟು ಗಂಟೆ ಹಾಕಿದರೆ 5 ಸ್ಟಾರ್ ಕೂಡ ಗೆರೆ ದಾಟುತ್ತದೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಕಳೆದ ಏಪ್ರಿಲ್, ಮೇ ತಿಂಗಳ ಬಿಲ್‌ಗಳ ಫೋಟೋವನ್ನೂ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಆ ಯೂನಿಟ್‌ಗೆ ಎಸಿಯ ಯೂನಿಟ್ ಕೂಡಿಸಿ ನೋಡಿ: ಒಂದು 200ರ ಈಚೆ, ಇನ್ನೊಂದು ಆಚೆ ಬಿದ್ದರೆ ಜಾಸ್ತಿ ಹಣ ಕೊಡುವುದರಲ್ಲಿ ಅರ್ಥ ಇದೆ.

ಫ್ರಿಜ್ ಆದರೆ

ಫ್ರಿಜ್ ಲೆಕ್ಕ ಸುಲಭ, ಗಂಟೆಯ ತಲೆನೋವು ಇಲ್ಲ. ಬೀದರ್ ಇರಲಿ, ಮಡಿಕೇರಿ ಇರಲಿ, ಅದು ವರ್ಷವಿಡೀ ಆನ್ ಆಗೇ ಇರುತ್ತದೆ. ಲೇಬಲ್‌ನ ವರ್ಷದ ಯೂನಿಟ್ಟನ್ನು ದರದಿಂದ ಗುಣಿಸಿದರೆ ಆಯಿತು. 240 ಲೀಟರಿನ ಎರಡು ಡಬಲ್ ಡೋರ್ ಫ್ರಿಜ್, ಒಂದರ ಲೇಬಲ್ 235 ಯೂನಿಟ್, ಇನ್ನೊಂದರದ್ದು 195, ಬೆಲೆಯಲ್ಲಿ ವ್ಯತ್ಯಾಸ 1,800 ರೂಪಾಯಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 40 ಯೂನಿಟ್, 280 ರೂಪಾಯಿ ಉಳಿತಾಯ. ಆರೂವರೆ ವರ್ಷಕ್ಕೆ ಹಣ ವಾಪಸ್. ಫ್ರಿಜ್ಜನ್ನು ನಾವು ಹತ್ತು ವರ್ಷಕ್ಕಿಂತ ಮೊದಲು ಬದಲಾಯಿಸುವುದು ಕಡಿಮೆ, ಹಾಗಾಗಿ 195 ಯೂನಿಟ್‌ನದ್ದನ್ನೇ ತಗೊಳ್ಳಿ. ಲೇಬಲ್‌ನ ಅಂಕಿ ಬಂದಿರುವುದು ಬಾಗಿಲು ಮುಚ್ಚಿಟ್ಟು ಮಾಡಿದ ಪರೀಕ್ಷೆಯಿಂದ. ಮನೆಯಲ್ಲಿ ಮಕ್ಕಳು ದಿನಕ್ಕೆ ಮೂವತ್ತು ಸಲ ಬಾಗಿಲು ತೆಗೆದರೆ ಎರಡೂ ಅದಕ್ಕಿಂತ ಜಾಸ್ತಿ ತಿನ್ನುತ್ತವೆ, ಆದರೆ ಯಾವುದು ಕಡಿಮೆ ಅನ್ನುವುದು ಬದಲಾಗುವುದಿಲ್ಲ. ಗೃಹಜ್ಯೋತಿಯಲ್ಲಿ ನಿಮ್ಮ ಬಳಕೆ ಉಚಿತ ಮಿತಿಯ ಒಳಗೇ ಆರಾಮವಾಗಿ ಇದ್ದರೆ ಈ 280 ರೂಪಾಯಿ ನಿಮ್ಮ ಜೇಬಿಗೆ ಬರುವುದಿಲ್ಲ, ಅದನ್ನೂ ತಿಳಿದಿರಿ.

ಫ್ರಿಜ್‌ನಲ್ಲಿ ಜನ ಎಡವುವುದು ಗಾತ್ರ ಮತ್ತು ಬಗೆಯ ವಿಷಯದಲ್ಲಿ. ನಕ್ಷತ್ರ ಕೊಡುವುದು ಅದೇ ಬಗೆಯ, ಅದೇ ಗಾತ್ರದ ಫ್ರಿಜ್‌ಗಳ ಜೊತೆ ಹೋಲಿಸಿ. ಐಸ್ ಕಟ್ಟುವ ಸಿಂಗಲ್ ಡೋರ್‌ಗೆ ಒಂದು ಪಟ್ಟಿ, ಐಸ್ ಕಟ್ಟದ ಫ್ರಾಸ್ಟ್ ಫ್ರೀಗೆ ಇನ್ನೊಂದು ಪಟ್ಟಿ. ಫ್ರಾಸ್ಟ್ ಫ್ರೀಯಲ್ಲಿ ಫ್ಯಾನ್ ಓಡಬೇಕು, ಆಗಾಗ ಹೀಟರ್ ಹತ್ತಿ ಐಸ್ ಕರಗಿಸಬೇಕು, ಅದಕ್ಕೆ ಕರೆಂಟ್ ಜಾಸ್ತಿ. ಹಾಗಾಗಿ ಸಣ್ಣ ಸಿಂಗಲ್ ಡೋರ್ 2 ಸ್ಟಾರ್ ಒಂದು, ದೊಡ್ಡ ಫ್ರಾಸ್ಟ್ ಫ್ರೀ 3 ಸ್ಟಾರ್‌ಗಿಂತ ಕಡಿಮೆ ಯೂನಿಟ್ ತೋರಿಸಬಹುದು. ಎಸಿಯಲ್ಲಿ ಯೂನಿಟ್ ಬಿಟ್ಟು ಐಎಸ್‌ಇಇಆರ್ ನೋಡಿ ಅಂದೆ. ಇಲ್ಲಿ ನೇರವಾಗಿ ಯೂನಿಟ್ಟನ್ನೇ ನೋಡಿ, ಯಾಕೆಂದರೆ ಫ್ರಿಜ್ ದೊಡ್ಡದಾದಷ್ಟೂ ಅದು ತಣ್ಣಗಿಡಬೇಕಾದ ಜಾಗವೂ ನಿಜಕ್ಕೂ ದೊಡ್ಡದಾಗುತ್ತದೆ. ಎಷ್ಟು ಲೀಟರ್ ಬೇಕು ಅನ್ನುವುದನ್ನು ಮನೆಯಲ್ಲೇ ತೀರ್ಮಾನ ಮಾಡಿ ಹೊರಡಿ, ಆಮೇಲೆ ಆ ಗಾತ್ರದೊಳಗೆ ಯೂನಿಟ್ ಹೋಲಿಸಿ.

ಹಳೆಯ ಫ್ರಿಜ್ ಬದಲಾಯಿಸಬೇಕಾ ಬೇಡವಾ ಅನ್ನುವ ಪ್ರಶ್ನೆಗೆ ಅದರ ಮೇಲಿನ ಹಳೆಯ ಲೇಬಲ್ ಫೋಟೋ ಅಷ್ಟಾಗಿ ಸಹಾಯ ಮಾಡುವುದಿಲ್ಲ. ಬಾಗಿಲಿನ ರಬ್ಬರ್ ಸಡಿಲವಾಗಿ, ಹಿಂದಿನ ಕಾಯಿಲ್‌ಗೆ ಧೂಳು ಕೂತು ಅದು ಲೇಬಲ್‌ಗಿಂತ ಎಷ್ಟೋ ಜಾಸ್ತಿ ತಿನ್ನುತ್ತಿರಬಹುದು. ಪ್ಲಗ್‌ಗೆ ಸಿಕ್ಕಿಸುವ ಸಣ್ಣ ಎನರ್ಜಿ ಮೀಟರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅದನ್ನು ಫ್ರಿಜ್‌ನ ಪ್ಲಗ್‌ಗೂ ಗೋಡೆಗೂ ನಡುವೆ ಹಾಕಿ ಮೂರು ದಿನ ಬಿಡಿ. ಅದು ತೋರಿಸಿದ ಯೂನಿಟ್ಟನ್ನು ಮೂರರಿಂದ ಭಾಗಿಸಿ 365ರಿಂದ ಗುಣಿಸಿದರೆ ಹಳೆಯದರ ವರ್ಷದ ಲೆಕ್ಕ ಬರುತ್ತದೆ. ಈ ಅಳತೆಯನ್ನು ಚಳಿಗಾಲದಲ್ಲಿ ಮಾಡಿದರೆ ಕಡಿಮೆ ತೋರಿಸುತ್ತದೆ, ಏಪ್ರಿಲ್‌ನಲ್ಲಿ ಮಾಡಿದರೆ ಜಾಸ್ತಿ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಅಳೆದರೆ ವರ್ಷದ ಸರಾಸರಿಗೆ ಹತ್ತಿರ ಇರುತ್ತದೆ.